ಒಂದು ಕೋಷ್ಟಕ, ಐದು ಪ್ರಶ್ನೆ

ಕೋಚಿಂಗ್ ತರಗತಿಗೆ ಯುಜಿಸಿ ನೆಟ್ ಮೊದಲ ಪತ್ರಿಕೆಯ ಅಣಕು ಪರೀಕ್ಷೆ ಮಾಡುವಾಗ ನಾನು ಮೊದಲು ಬರೆಯುವುದು ನೀಲನಕ್ಷೆ. ಹತ್ತು ಘಟಕ, ಒಂದೊಂದಕ್ಕೂ 5 ಪ್ರಶ್ನೆ, ತಲಾ 2 ಅಂಕ; ಇಷ್ಟನ್ನು ಪಠ್ಯಕ್ರಮವೇ ಹೇಳುತ್ತದೆ. ಎರಡು ಸುಲಭ, ಎರಡು ಮಧ್ಯಮ, ಒಂದು ಕಠಿಣ ಎಂಬ ಹಂಚಿಕೆ ಮಾತ್ರ ನನ್ನದು.

ತೊಡಕಿರುವುದು ದತ್ತಾಂಶದ ಘಟಕದಲ್ಲಿ. ಐದೂ ಪ್ರಶ್ನೆ ಸಾಮಾನ್ಯವಾಗಿ ಒಂದೇ ಕೋಷ್ಟಕಕ್ಕೆ ಜೋತುಬಿದ್ದಿರುತ್ತವೆ; ಅದು ಜಟಿಲವಾದರೆ ಐದೂ ಕಠಿಣ. ಹಾಗಾಗಿ ಕೋಷ್ಟಕವನ್ನು ಸರಳವಾಗಿಟ್ಟು ಲೆಕ್ಕದ ಹೆಜ್ಜೆಗಳನ್ನು ಹೆಚ್ಚಿಸುತ್ತೇನೆ. ಪ್ರವೇಶ 400ರಿಂದ 500ಕ್ಕೆ ಏರಿದೆ ಎನ್ನೋಣ. ಎಷ್ಟು ಹೆಚ್ಚಾಯಿತು? ಸುಲಭ. ಶೇಕಡಾ ಎಷ್ಟು? ಮಧ್ಯಮ. ಉತ್ತರ 25, ಆದರೆ 500ರಿಂದ ಭಾಗಿಸುವವರಿಗಾಗಿ ಆಯ್ಕೆಗಳಲ್ಲಿ 20 ಕೂಡ ಇರಬೇಕು.

ಸುಲಭವೆಂದದ್ದಕ್ಕಿಂತ ಕಠಿಣವೆಂದದ್ದನ್ನೇ ಹೆಚ್ಚು ಮಂದಿ ಸರಿ ಮಾಡಿದ್ದರೆ, ಅನುಮಾನಿಸಬೇಕಾದ್ದು ನಾನು ಹಚ್ಚಿದ ಹಣೆಪಟ್ಟಿಯನ್ನು. ಈ ಅಂಕಗಳನ್ನು ನೋಡಿಯೇ ನನ್ನ ತರಗತಿಯವರು ಕೊನೆಯ ವಾರ ಯಾವ ಘಟಕ ಓದಬೇಕು, ಯಾವುದನ್ನು ಬಿಡಬೇಕು ಎಂದು ತೀರ್ಮಾನಿಸುವುದು.