ಖಾಲಿ ಕುರ್ಚಿಗಳ ಕೆಲಸ

2020ರ ಲಾಕ್‌ಡೌನ್ ಸಡಿಲವಾಗುವ ಹೊತ್ತಿಗೆ ನಮ್ಮ ಪತ್ರಿಕೆಯ ಜಿಲ್ಲಾ ಡೆಸ್ಕ್‌ನಲ್ಲಿ ಏಳು ಜನರಿದ್ದವರು ನಾಲ್ವರಾದೆವು. ಪುಟ ಕಟ್ಟುತ್ತಿದ್ದವರು, ಕರಡು ತಿದ್ದುತ್ತಿದ್ದ ಹಿರಿಯಣ್ಣ, ತಾಲ್ಲೂಕು ಸುದ್ದಿ ನೋಡುತ್ತಿದ್ದ ಗೆಳೆಯ, ಮೂವರಿಗೂ ಒಂದೇ ದಿನ ಪತ್ರ ಬಂತು. ಉಳಿದ ನಾವು ತಲೆ ತಗ್ಗಿಸಿ ಕೂತೆವು. ಹಿರಿಯಣ್ಣನಿಗಿಂತ ನಾವೇನೂ ಹೆಚ್ಚು ಬಲ್ಲವರಲ್ಲ ಎಂದು ನಮಗೆ ಗೊತ್ತಿತ್ತು.

ಅವರ ಕೆಲಸವನ್ನೂ ನೀವೇ ಮಾಡಿ ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ನಾವೇ ಎತ್ತಿಕೊಂಡೆವು. ಕೆಲಸ ಉಳಿದಿರುವಾಗ ಆಗಲ್ಲ ಎನ್ನುವುದು ಹೋದವರಿಗೆ ಮಾಡುವ ಅವಮಾನ ಅನ್ನಿಸುತ್ತಿತ್ತು. ವಾರದ ರಜೆ ಕೇಳಲೂ ನಾಚಿಕೆ. ನಮ್ಮ ತಪ್ಪಿತಸ್ಥ ಭಾವನೆಯೇ ನಮ್ಮ ಮೇಲೆ ಹೊರೆ ಹೇರುತ್ತಿದೆ ಎಂಬುದು ಆಗ ತಿಳಿಯಲಿಲ್ಲ.

ಎರಡು ತಿಂಗಳಾದ ಮೇಲೆ ನಿಧನ ವಾರ್ತೆಯೊಂದರಲ್ಲಿ ತೀರಿಹೋದ ತಂದೆಯ ಹೆಸರಿನ ಜಾಗದಲ್ಲಿ ಬದುಕಿರುವ ಮಗನ ಹೆಸರು ಅಚ್ಚಾಯಿತು. ಅದನ್ನು ಇಬ್ಬರು ಓದಿದ್ದೆವು, ಇಬ್ಬರಿಗೂ ಕಾಣಲಿಲ್ಲ. ಮರುದಿನ ಆ ಮನೆಗೆ ಹೋಗಿ ಕೈಮುಗಿದು ಬಂದೆವು.

ಆಮೇಲೆ ನಾಲ್ಕು ವಾರ, ಬಂದ ಹೊತ್ತು ಹೋದ ಹೊತ್ತನ್ನು ಡೈರಿಯಲ್ಲಿ ಬರೆದಿಟ್ಟೆವು. ತಲೆಗೆ ಸುಮಾರು 260 ಗಂಟೆ. ಕಾರ್ಯನಿರತ ಪತ್ರಕರ್ತರಿಗೆ ಆಗ ಅನ್ವಯಿಸುತ್ತಿದ್ದ 1955ರ ಕಾಯ್ದೆಯ ಮಿತಿ ನಾಲ್ಕು ವಾರಕ್ಕೆ 144 ಗಂಟೆ. ಹೋದ ಮೂವರು ಮಾಡುತ್ತಿದ್ದ ಕೆಲಸಗಳನ್ನೂ ಪಟ್ಟಿ ಮಾಡಿದೆವು, ಹನ್ನೊಂದು ಬಂತು. ಎರಡನ್ನೂ ಮುಖ್ಯಸ್ಥರ ಮುಂದಿಟ್ಟು, "ಸರ್, ಹನ್ನೊಂದೂ ಆಗಲ್ಲ. ಯಾವುದನ್ನು ಬಿಡಲಿ, ನೀವೇ ಹೇಳಿ" ಎಂದು ಕೇಳಿದೆವು. ಕೆಲಸ ಜಾಸ್ತಿಯಾಯಿತು ಎಂದು ಹಿಂದೆ ಎರಡು ಸಲ ಹೇಳಿದಾಗ ಅವರು "ಸ್ವಲ್ಪ ಹೊಂದಿಸಿಕೊಳ್ಳಿ" ಎಂದಿದ್ದರು. ಪಟ್ಟಿ ಕೈಗೆ ಬಂದಾಗ ಪೆನ್ನು ಹಿಡಿದರು.

ಭಾನುವಾರದ ವಿಶೇಷ ಪುಟ ನಿಂತಿತು. ತಾಲ್ಲೂಕು ಸುದ್ದಿ ಕಳಿಸುವ ಗಡುವು ರಾತ್ರಿ ಎಂಟರಿಂದ ಸಂಜೆ ಆರಕ್ಕೆ ಬಂತು. ಎರಡನೇ ಸಲ ಓದುವಾಗ ಹೆಸರು, ಅಂಕಿ, ತಲೆಬರಹ ಮಾತ್ರ ನೋಡುವುದೆಂದಾಯಿತು. ಯಾರ ರಜೆ ಯಾವ ದಿನ ಎಂದು ಗೋಡೆಗೆ ಅಂಟಿಸಿದೆವು. ಗಂಟೆಗಳು 144ಕ್ಕೆ ಇಳಿಯಲಿಲ್ಲ, 200ರ ಆಸುಪಾಸಿಗೆ ಬಂದವು. ಆದರೆ ವಾರಕ್ಕೊಂದು ದಿನ ಮಕ್ಕಳ ಜೊತೆ ಕೂತು ಉಂಡೆವು.

ಮನಸ್ಸಿನ ಭಾರ ಮಾತ್ರ ಹಾಗೇ ಇತ್ತು. ಏನು ಮಾತಾಡುವುದೆಂದು ತಿಳಿಯದೆ ಹಿರಿಯಣ್ಣನಿಗೆ ಮೂರು ತಿಂಗಳು ಫೋನ್ ಮಾಡಿರಲಿಲ್ಲ. ಕೊನೆಗೆ ಮಾಡಿದೆವು. "ನಿಮ್ಮ ಮೇಲೆ ಸಿಟ್ಟಿಲ್ಲಪ್ಪ. ತೆಗೆದವರು ನೀವಲ್ಲ. ಒಬ್ಬರೂ ಫೋನ್ ಮಾಡಲಿಲ್ಲವಲ್ಲ, ಅದೇ ನೋವು" ಎಂದರು. ಊರಲ್ಲಿ ಮುದ್ರಣಾಲಯದವರೊಬ್ಬರು ಪುಸ್ತಕದ ಕರಡು ತಿದ್ದುವವರನ್ನು ಹುಡುಕುತ್ತಿದ್ದರು. ಅವರ ನಂಬರ್ ಕೊಟ್ಟೆವು.

ರಾತ್ರಿ ಹನ್ನೊಂದರವರೆಗೆ ನಾವು ದುಡಿದದ್ದರಿಂದ ಅಣ್ಣನಿಗೆ ಒಂದು ರೂಪಾಯಿಯೂ ಹುಟ್ಟಿರಲಿಲ್ಲ. ಆ ಒಂದು ನಂಬರಿನಿಂದ ತಿಂಗಳ ಖರ್ಚಿಗೊಂದು ದಾರಿಯಾಯಿತು.