ಎರಡನೇ ಎಲೆಯ ಅತಿಥಿ

ಡಚ್ ವಾಕ್ಯವೆಂದರೆ ಒಂದು ಊಟದ ಪಂಕ್ತಿ. ಅದರ ಎರಡನೇ ಎಲೆ ಕ್ರಿಯಾಪದಕ್ಕೆ ಮೀಸಲು. ಮೊದಲ ಎಲೆಗೆ ಯಾರು ಬೇಕಾದರೂ ಕೂರಬಹುದು. ಸಾಮಾನ್ಯವಾಗಿ ಕರ್ತೃವೇ ಕೂರುತ್ತಾನೆ. ಒಂದು ದಿನ ‘ನಾಳೆ’ ಬಂದು ಕೂತರೆ ಕರ್ತೃ ಜಗಳ ಮಾಡದೆ ಎದ್ದು ಮೂರನೇ ಎಲೆಗೆ ಹೋಗುತ್ತಾನೆ. ಎರಡನೆಯವನು ಮಾತ್ರ ಅಲ್ಲಾಡುವುದಿಲ್ಲ. ನಮ್ಮ ಕನ್ನಡದ ಕ್ರಿಯಾಪದವೋ ಮನೆಯ ಯಜಮಾನನಂತೆ, ಎಲ್ಲರ ಊಟ ಆದಮೇಲೆ ಕೊನೆಯಲ್ಲಿ ಕೂರುವ ಅಭ್ಯಾಸದ್ದು. ಹೀಗಾಗಿ ನೆದರ್ಲೆಂಡ್ಸಿನ ಆಮ್‌ಸ್ಟೆಲ್ವೀನ್‌ಗೆ ಬಂದು ನೆಲೆಸಿದ ನಮ್ಮಂಥ ಕನ್ನಡಿಗರ ನಾಲಿಗೆಗೆ ಈ ಎರಡನೇ ಎಲೆಯ ಶಿಸ್ತು ಹತ್ತುವುದು ನಿಧಾನ.

‘ನಾಳೆ ನಾನು ಹೋಗುತ್ತೇನೆ’ ಎನ್ನುವುದನ್ನು ನಮ್ಮವರು ‘ಮೊರ್ಖೆನ್ ಇಕ್ ಖಾ’ ಎನ್ನುತ್ತಾರೆ. ನಾಳೆ, ನಾನು, ಹೋಗುತ್ತೇನೆ. ಕನ್ನಡದ ಪ್ರಕಾರ ಸರಿ, ಶಾಲೆಯಲ್ಲಿ ಕಲಿತ ಇಂಗ್ಲಿಷಿನ ಪ್ರಕಾರವೂ ಸರಿ. ಎರಡು ಭಾಷೆಗಳು ಸೇರಿ ಒಬ್ಬ ಮನುಷ್ಯನ ದಾರಿ ತಪ್ಪಿಸುವುದೆಂದರೆ ಇದು. ಆಗಬೇಕಾದದ್ದು ‘ಮೊರ್ಖೆನ್ ಖಾ ಇಕ್’: ನಾಳೆ, ಹೋಗುತ್ತೇನೆ, ನಾನು. ತಪ್ಪಾಯಿತೆಂದು ತಿಳಿಯಲು ವ್ಯಾಕರಣದ ಪುಸ್ತಕ ಬೇಕಿಲ್ಲ. ಎದುರಿಗಿರುವ ಡಚ್ಚರು ತುಂಬಾ ಮರ್ಯಾದಸ್ಥರು, ತಿದ್ದುವುದಿಲ್ಲ. ಮರುಕ್ಷಣ ಸೊಗಸಾದ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾರೆ, ಅಷ್ಟೆ. ಇಷ್ಟು ಸೌಜನ್ಯದಿಂದ ಬಾಗಿಲು ಹಾಕುವುದನ್ನು ನಾನು ಬೇರೆಲ್ಲೂ ಕಂಡಿಲ್ಲ.

ನನಗೆ ಈ ಸಂಗತಿ ಬಿಡಿಸಿ ಹೇಳಿದವರು ನಮ್ಮ ಬಡಾವಣೆಯ ಗ್ರಂಥಾಲಯದಲ್ಲಿ ವಾರಕ್ಕೊಮ್ಮೆ ನಡೆಯುವ ‘ತಾಲ್ ಕಫೆ’ಯ ಒಬ್ಬ ಅಜ್ಜಿ. ಕಾಫಿ ಕುಡಿಯುತ್ತ ಪರದೇಶದವರಿಗೆ ಡಚ್ ಮಾತಾಡಿಸುವ ಸ್ವಯಂಸೇವಕಿ. ಹಿಂದೆ ಶಾಲೆಯಲ್ಲಿ ಪಾಠ ಹೇಳಿದವರಂತೆ, ಮಾತಿನಲ್ಲಿಯೇ ಗೊತ್ತಾಗುತ್ತಿತ್ತು. ಮೊದಲ ದಿನ ಎಲ್ಲರನ್ನೂ ಮುಂದಿನ ವರ್ಷ ಏನು ಮಾಡುತ್ತೀರಿ ಎಂದು ಕೇಳಿದರು. ನಮ್ಮ ಮನೆಯಲ್ಲಿ ಆ ಪ್ರಶ್ನೆಗೆ ಇರುವುದು ಒಂದೇ ಉತ್ತರ: ನಾಲ್ವರೂ ಮೈಸೂರಿಗೆ ವಾಪಸು. ಬಂದ ವರ್ಷವೂ ವಾಪಸು ಎಂದೇ ಹೇಳಿದ್ದೆವು. ಅಜ್ಜಿ ಅದನ್ನೇ ಡಚ್ಚಿನಲ್ಲಿ ಬರೆದು, ಕತ್ತರಿಯಿಂದ ತುಂಡು ಮಾಡಿ, ಚೀಟಿಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟರು.

ವ ಖಾನ್ – ಫೋಲ್ಖೆಂಟ್ ಯಾರ್ – ಮೆತ್ ಜೆನ್ ಫೀರೆನ್ – ನಾರ್ ಮೈಸೂರು – ತೆರುಖ್.

ನಾವು ಹೋಗುತ್ತೇವೆ, ಮುಂದಿನ ವರ್ಷ, ನಾಲ್ವರೂ ಸೇರಿ, ಮೈಸೂರಿಗೆ, ವಾಪಸು. ಮೊದಲು ಯಾವಾಗ, ಆಮೇಲೆ ಹೇಗೆ, ಕೊನೆಗೆ ಎಲ್ಲಿಗೆ. ಇಂಗ್ಲಿಷ್ ಮಾತೃಭಾಷೆಯ ವಿದ್ಯಾರ್ಥಿಗಳು ಈ ಕಾಲ-ರೀತಿ-ಸ್ಥಳದ ಸಾಲನ್ನು ಬಾಯಿಪಾಠ ಮಾಡಬೇಕು, ಏಕೆಂದರೆ ಅವರದು ಸರಿಯಾಗಿ ತಿರುಗುಮುರುಗು: ಹೋಗುತ್ತೇನೆ, ಊರಿಗೆ, ರೈಲಿನಲ್ಲಿ, ನಾಳೆ. ಪಕ್ಕದಲ್ಲಿದ್ದ ಸ್ಕಾಟ್ಲೆಂಡಿನ ಹುಡುಗ ತಲೆ ಕೆರೆದುಕೊಳ್ಳುತ್ತಿದ್ದರೆ ನನಗೆ ಒಳಗೊಳಗೇ ಸಂತೋಷ. ನಾಳೆ ರೈಲಿನಲ್ಲಿ ಊರಿಗೆ ಹೋಗುತ್ತೇನೆ ಎನ್ನುವುದು ನಮಗೆ ಎದೆಹಾಲಿನೊಡನೆ ಬಂದದ್ದು. ಈ ಸಾಲಿಗೆ ಕನ್ನಡಿಗನಿಂದ ಡಚ್ಚರು ಶುಲ್ಕ ವಸೂಲಿ ಮಾಡುವಂತಿಲ್ಲ.

ಆದರೆ ಇದು ಕಾಕತಾಳೀಯವೇ? ಬೇರೆ ಬೇರೆ ಖಂಡಗಳ, ರಕ್ತಸಂಬಂಧವಿಲ್ಲದ ಎರಡು ಭಾಷೆಗಳು ಒಂದೇ ಸಾಲು ಹಿಡಿಯಲು ಕಾರಣವಿರಬೇಕಲ್ಲ. ನನಗೆ ಹೊಳೆದದ್ದು ಅಜ್ಜಿ ಇನ್ನೊಂದು ಚೀಟಿ ತೆಗೆದಾಗ. ಅದರಲ್ಲಿ ‘ಓಮ್‌ದಾತ್’ ಎಂದಿತ್ತು, ‘ಏಕೆಂದರೆ’ ಎಂದಂತೆ. ಮನೆ ಏಕೆ ಕೊಳ್ಳುವುದಿಲ್ಲ ಎಂದು ಯಾರೋ ಕೇಳಿದರು, ನೀವು ಕಾರಣ ಹೇಳುತ್ತಿದ್ದೀರಿ ಎಂದುಕೊಳ್ಳಿ ಎಂದು ಆ ಚೀಟಿಯನ್ನು ಮುಂದಿಟ್ಟರು. ಇಟ್ಟದ್ದೇ ತಡ, ಎರಡನೇ ಎಲೆಯ ಅತಿಥಿ ಎದ್ದು ನಡೆದ. ಅಜ್ಜಿ ‘ಖಾನ್’ ಚೀಟಿಯನ್ನು ಎತ್ತಿ ಸಾಲಿನ ತುದಿಗೆ, ತೆರುಖ್ ಪಕ್ಕಕ್ಕೆ ಇಟ್ಟು, ಎರಡನ್ನೂ ಅಂಟಿಸಿ ಒಂದೇ ಪದ ಮಾಡಿದರು: ಓಮ್‌ದಾತ್ ವ ಫೋಲ್ಖೆಂಟ್ ಯಾರ್ ಮೆತ್ ಜೆನ್ ಫೀರೆನ್ ನಾರ್ ಮೈಸೂರು ತೆರುಖ್‌ಖಾನ್. ನಾವು ಮುಂದಿನ ವರ್ಷ ನಾಲ್ವರೂ ಮೈಸೂರಿಗೆ ವಾಪಸು ಹೋಗುವ ಕಾರಣ. ‘ಕಾರಣ’ವೊಂದನ್ನು ಹಿಂದಿನಿಂದ ಮುಂದಕ್ಕೆ ಇಟ್ಟದ್ದು ಬಿಟ್ಟರೆ ಇದು ಅಪ್ಪಟ ಕನ್ನಡ. ಕುರ್ಚಿಯಿಂದ ಎದ್ದು ಕುಣಿಯುವುದೊಂದು ಬಾಕಿ.

ಡಚ್ಚಿನ ಉಪವಾಕ್ಯಗಳಲ್ಲೆಲ್ಲ ಹೀಗೆಯೇ, ಕ್ರಿಯಾಪದ ಕೊನೆಗೆ. 1975ರಲ್ಲಿ ಯಾನ್ ಕೊಸ್ಟರ್ ಎಂಬ ಡಚ್ ಭಾಷಾವಿಜ್ಞಾನಿ ಒಂದು ಲೇಖನ ಬರೆದು, ಡಚ್ ಮೂಲದಲ್ಲಿ ಕ್ರಿಯಾಪದ ಕೊನೆಗಿರುವ ಭಾಷೆಯೇ, ಪ್ರಧಾನ ವಾಕ್ಯದಲ್ಲಿ ಮಾತ್ರ ಅದು ಎದ್ದು ಮುಂದಕ್ಕೆ ಬರುತ್ತದೆ ಎಂದು ವಾದಿಸಿದರು. ಅವರು ಕೊಟ್ಟ ಸಾಕ್ಷಿಗಳಲ್ಲಿ ತೆರುಖ್‌ನಂಥ ಪುಟ್ಟ ಪದಗಳೂ ಇವೆ. ಕ್ರಿಯಾಪದ ಎದ್ದು ಎರಡನೇ ಎಲೆಗೆ ಹೋದರೂ ಅದರ ಈ ಬಾಲ ಹೋಗುವುದಿಲ್ಲ. ತನ್ನವನು ಮೊದಲು ಎಲ್ಲಿದ್ದನೋ ಅಲ್ಲೇ, ವಾಕ್ಯದ ತುದಿಯಲ್ಲಿ, ಜಾಗ ಹಿಡಿದು ಕೂತಿರುತ್ತದೆ. ‘ವಾಪಸು’ ಎನ್ನುವ ಪದವೇ ಹೀಗೆ ಕೂತಿರುವುದು ಎಂದು ಗಮನಿಸಿದಾಗ ನಾನು ಕಾಫಿ ಲೋಟದೊಳಗೆ ಸ್ವಲ್ಪ ಹೆಚ್ಚೇ ಹೊತ್ತು ನೋಡಿದೆ.

ಕಾಲ-ರೀತಿ-ಸ್ಥಳದ ಗುಟ್ಟೂ ಇಲ್ಲೇ ಇದೆ. ‘ಹೋಗು’ ಎಂಬುದಕ್ಕೆ ಅರ್ಥದಲ್ಲಿ ತೀರ ಹತ್ತಿರದವನು ಯಾರು? ‘ಮೈಸೂರಿಗೆ’. ಎಲ್ಲಿಗೆಂದು ಹೇಳದಿದ್ದರೆ ಹೋಗುವುದು ಅರ್ಧಂಬರ್ಧ. ಯಾರ ಜೊತೆ, ಯಾವುದರಲ್ಲಿ ಎನ್ನುವುದು ಸ್ವಲ್ಪ ದೂರದ ನೆಂಟ. ಯಾವಾಗ ಎನ್ನುವವನು ಇನ್ನೂ ದೂರ. ಕ್ರಿಯಾಪದ ತುದಿಯಲ್ಲಿದ್ದರೆ ಹತ್ತಿರದವನು ಅದರ ಎಡಕ್ಕೇ ಕೂರುತ್ತಾನೆ, ದೂರದವನು ಸಾಲಿನ ಆರಂಭಕ್ಕೆ ಸರಿಯುತ್ತಾನೆ. ಇಂಗ್ಲಿಷಿನಲ್ಲಿ ಕ್ರಿಯಾಪದ ಮುಂದಿರುವುದರಿಂದ ಅದೇ ನೆಂಟಸ್ತಿಕೆ ಕನ್ನಡಿಯಲ್ಲಿ ಕಂಡಂತೆ ತಿರುಗುತ್ತದೆ. ಡಚ್ ಕ್ರಿಯಾಪದ ಪ್ರಧಾನ ವಾಕ್ಯದಲ್ಲಿ ಎದ್ದು ಹೋಗಿದ್ದರೂ ನೆಂಟರು ಅದು ಕೊನೆಯಲ್ಲೇ ಇದೆಯೇನೋ ಎಂಬಂತೆ ಹಳೆಯ ಕ್ರಮದಲ್ಲೇ ಕೂತಿರುತ್ತಾರೆ. ಹಾಗೆಂದು ಇದು ಕಲ್ಲಿನ ಮೇಲಿನ ಶಾಸನವೂ ಅಲ್ಲ. ‘ಎಲ್ಲಿಗೆ’ ಎನ್ನುವುದು ಮಾತ್ರ ಗಟ್ಟಿ. ಕೆಲಸ ನಡೆಯುವ ಜಾಗ, ಅಂದರೆ ‘ತೋಟದಲ್ಲಿ’, ‘ಆಫೀಸಿನಲ್ಲಿ’ ಎಂಬಂಥವು ರೀತಿಗಿಂತ ಮುಂಚೆ ಬಂದರೂ ಡಚ್ಚರ ಕಿವಿಗೆ ಚುಚ್ಚುವುದಿಲ್ಲ.

ಇನ್ನು ಮೊದಲ ಎಲೆಯ ವಿಚಾರ. ಅಜ್ಜಿ ‘ಫೋಲ್ಖೆಂಟ್ ಯಾರ್’ ಚೀಟಿಯನ್ನು ಮುಂದೆ ತಂದರು. ಫೋಲ್ಖೆಂಟ್ ಯಾರ್ ಖಾನ್ ವ ಮೆತ್ ಜೆನ್ ಫೀರೆನ್ ನಾರ್ ಮೈಸೂರು ತೆರುಖ್. ಖಾನ್ ಇದ್ದಲ್ಲೇ, ವ ಅದರ ಹಿಂದಕ್ಕೆ. ‘ಮುಂದಿನ ವರ್ಷ ಏಪ್ರಿಲ್‌ನಲ್ಲಿ, ಮಕ್ಕಳ ಪರೀಕ್ಷೆಗೆ ಮುಂಚೆ’ ಎಂದು ಎಷ್ಟು ಉದ್ದ ಎಳೆದರೂ ಅದೆಲ್ಲ ಒಂದೇ ಕಾಲ, ಒಂದೇ ಎಲೆ. ಆದರೆ ‘ಮುಂದಿನ ವರ್ಷ’ ಮತ್ತು ‘ನಾಲ್ವರೂ ಸೇರಿ’ ಇಬ್ಬರೂ ಒಟ್ಟಿಗೆ ಮುಂದೆ ಕೂರುತ್ತೇವೆಂದರೆ ಆಗದು. ಒಬ್ಬ ಹಿಂದಕ್ಕೆ ಹೋಗಲೇಬೇಕು. ‘ಎನ್’, ‘ಮಾರ್’, ‘ವಾಂಟ್’ – ಮತ್ತು, ಆದರೆ, ಯಾಕಂದ್ರೆ – ಇವು ಬಾಗಿಲಲ್ಲಿ ನಿಂತು ಪನ್ನೀರು ಎರಚುವವರು, ಎಲೆಗೆ ಲೆಕ್ಕವಿಲ್ಲ. ಇಡೀ ಉಪವಾಕ್ಯವೊಂದು ಮೊದಲ ಎಲೆಗೆ ಬಂದಾಗ ಇನ್ನೂ ಮಜಾ: ಅಲ್ಸ್ ಹೆತ್ ರೇಖೆಂಟ್, ಬ್ಲೆಯ್ಫ್ ಇಕ್ ತೌಸ್. ಮಳೆ ಬಂದರೆ ಮನೆಯಲ್ಲಿರುತ್ತೇನೆ. ಅಲ್ಪವಿರಾಮದ ಈಚೆಗೊಂದು ಕ್ರಿಯಾಪದ, ಆಚೆಗೊಂದು, ಎರಡೂ ಡಿಕ್ಕಿ ಹೊಡೆಯುವಷ್ಟು ಹತ್ತಿರ. ಆ ಸದ್ದು ಕೇಳಿದರೆ ವಾಕ್ಯ ಸರಿಯಾಗಿದೆ ಎಂದರ್ಥ.

ಇಂಗ್ಲಿಷಿನಲ್ಲಿ ಇಂಥ ಅದಲುಬದಲು ಮಾಡಿದರೆ ಭಾಷಣದ ಧಾಟಿ ಬರುತ್ತದೆ. ಡಚ್ಚಿನಲ್ಲಿ ಅದು ದಿನಬಳಕೆ, ಹಾಲು ತರಕಾರಿಯ ಮಾತು. ದಿನಚರಿ ಪುಸ್ತಕ ನೋಡದೆ ನೆರೆಮನೆಯವರನ್ನೂ ಕಾಫಿಗೆ ಕರೆಯದ ಈ ಜನ ಮಾತು ಶುರು ಮಾಡುವುದೇ ಕಾಲದಿಂದ. ನಮ್ಮ ದೇಶದಲ್ಲಿ ಈ ಎರಡನೇ ಎಲೆಯ ಪದ್ಧತಿಗೆ ಹೆಸರಾದದ್ದು ಕಾಶ್ಮೀರಿ. ಬೇಂದ್ರೆಯವರ ಊರಿನಿಂದ ಬಂದ ನನ್ನ ಹೆಂಡತಿ ಇದನ್ನು ಕೇಳಿ, ‘ಚಳಿ ಇರೋ ಕಡೆ ಕ್ರಿಯಾಪದ ಲಗೂನ ಒಳಗ ಬರತದ ಬಿಡ್ರಿ’ ಎಂದಳು. ಭಾಷಾವಿಜ್ಞಾನಿಗಳು ಒಪ್ಪಲಾರರು.

ಚೀಟಿಗಳು ಇನ್ನೂ ನನ್ನ ಮೇಜಿನ ಖಾನೆಯಲ್ಲಿವೆ. ಅವು ಒಂದೊಂದಾಗಿ ಬದಲಾಗಿವೆ. ಮಗ ಖ್ರೋನಿಂಗೆನ್‌ನಲ್ಲಿ ಓದಲು ಹೋದವನು, ನನ್ನನ್ನು ಲೆಕ್ಕಕ್ಕೆ ಹಿಡಿಯಬೇಡಿ ಎಂದ. ‘ಮೆತ್ ಜೆನ್ ಫೀರೆನ್’ ಹೋಗಿ ‘ಮೆತ್ ಜೆನ್ ದ್ರಿಯೆನ್’ ಬಂತು, ನಾಲ್ವರು ಮೂವರಾದೆವು. ಮೊದಲ ಎಲೆಯಲ್ಲಿ ‘ಮುಂದಿನ ವರ್ಷ’ ಎದ್ದು ‘ಓಯ್ಟ್’ ಕೂತಿತು, ಎಂದಾದರೊಂದು ದಿನ. ಈಚೆಗೆ ‘ಮಿಸ್ಖೀನ್’, ಬಹುಶಃ. ಯಾರೇ ಬಂದು ಕೂರಲಿ, ‘ಖಾನ್ ವ’ ಎಂಬಷ್ಟು ಮಾತ್ರ ಇದ್ದಲ್ಲೇ ಇದೆ, ಹೋಗುತ್ತೇವೆ ನಾವು. ವ್ಯಾಕರಣದ ಮಟ್ಟಿಗೆ ಇದರಲ್ಲಿ ಯಾವ ದೋಷವೂ ಇಲ್ಲ.

ಇಲ್ಲೇ ಹುಟ್ಟಿದ ಮಗಳ ಕನ್ನಡಕ್ಕೂ ಎರಡನೇ ಎಲೆ ಬಂದುಬಿಟ್ಟಿದೆ. ಭಾನುವಾರ ಫೋನಿನಲ್ಲಿ, ‘ಮುಂದಿನ ವರ್ಷ ಬರ್ತೀವಿ ನಾವು ಮೈಸೂರಿಗೆ, ಅಜ್ಜಿ’ ಎನ್ನುತ್ತಾಳೆ. ನನ್ನ ಅಮ್ಮ ಹೈಸ್ಕೂಲಿನಲ್ಲಿ ಕನ್ನಡ ಪಂಡಿತೆಯಾಗಿದ್ದವಳು, ಕರ್ತೃ ಕರ್ಮ ಕ್ರಿಯಾಪದ ಎಂದು ಒಂದು ತಲೆಮಾರಿನ ಬೆರಳ ಗಿಣ್ಣು ಕೆಂಪು ಮಾಡಿದವಳು. ಬೈಯುತ್ತಾಳೆಂದು ನಾನು ಕಾದರೆ ಅವಳಿಗೆ ಖುಷಿಯೋ ಖುಷಿ. ‘ಬರ್ತೀವಿ ಅಂತ ಮೊದಲೇ ಹೇಳಿಬಿಡ್ತಾಳೆ ನೋಡು, ಕಾಯಿಸಲ್ಲ’ ಎಂದಳು. ಆಮೇಲೆ, ‘ಯಾವ ತಿಂಗಳು ಕಣೋ? ಮಿಡಿ ಉಪ್ಪಿನಕಾಯಿ ಅದೇ ಲೆಕ್ಕಕ್ಕೆ ಹಾಕಬೇಕು’ ಎಂದು ನನ್ನನ್ನು ಕೇಳಿದಳು.

‘ಅಮ್ಮ, ಮುಂದಿನ ವರ್ಷ, ಆಫೀಸಿನ ಕೆಲಸ ಒಂದು ಹಂತಕ್ಕೆ ಬಂದಮೇಲೆ, ಇವಳ ಪರೀಕ್ಷೆ ನೋಡಿಕೊಂಡು, ಮೂವರೂ ಒಟ್ಟಿಗೆ, ನೇರವಾಗಿ ಮೈಸೂರಿಗೇ...’ ಎಂದು ನಾನು ಕಾಲ, ರೀತಿ, ಸ್ಥಳ ಎಲ್ಲವನ್ನೂ ಕ್ರಮವಾಗಿ ಬಡಿಸುತ್ತ ಹೋದೆ.

‘ಅದೆಲ್ಲ ಸರಿಯಾಗಿದೆ ಕಣೋ,’ ಅಂದಳು ಅಮ್ಮ, ‘ಕ್ರಿಯಾಪದ ಹೇಳು.’