ಚಿಕ್ಕವ್ವನಿಗೆ, ಕಾರ್ಡಿನ ವಿಚಾರವಾಗಿ

ಪ್ರೀತಿಯ ಚಿಕ್ಕವ್ವ,

ಬಿಪಿಎಲ್ ಕಾರ್ಡು ಎಪಿಎಲ್ ಆಗಿದೆ, ಕೇಳಿದರೆ "ಕಂಪ್ಯೂಟರಲ್ಲೇ ಹಂಗೆ ಬಂದದೆ" ಅಂದರು ಅಂತ ನೀನು ಹೇಳಿದಾಗಿನಿಂದ ನನಗೆ ಸಮಾಧಾನವಿಲ್ಲ. ಫೋನಿನಲ್ಲಿ ಹೇಳಿದ್ದು ಮರೆತುಹೋಗುತ್ತದೆ, ಕಾಗದವಾದರೆ ಮತ್ತೊಮ್ಮೆ ಓದಿಸಿಕೊಳ್ಳಬಹುದು ಅಂತ ಬರೆಯುತ್ತಿದ್ದೇನೆ.

ಅನರ್ಹರ ಪಟ್ಟಿ ಮಾಡಲು ಯಾರೂ ಉಮ್ಮತ್ತೂರಿಗೆ ಬಂದು ನಿನ್ನ ಮನೆ ನೋಡಲಿಲ್ಲ. ಸರ್ಕಾರದ 'ಕುಟುಂಬ' ದತ್ತಾಂಶದಲ್ಲಿ ಒಂದು ಕಾರ್ಡಿನಲ್ಲಿರುವವರೆಲ್ಲ ಒಂದೇ ಮನೆಯವರು. ಅವರಲ್ಲೊಬ್ಬರ ವಿವರ ತೆರಿಗೆಯ ಕಡತದೊಂದಿಗೆ ತಾಳೆಯಾದರೂ ಇಡೀ ಮನೆ ಆ ಪಟ್ಟಿಗೆ ಬೀಳಬಹುದು. ಗೂಡ್ಸ್ ಆಟೋ ಸಾಲಕ್ಕೆ ಬ್ಯಾಂಕಿನವರು ಕೇಳಿದರೆಂದು ನಮ್ಮ ತಮ್ಮ ರಿಟರ್ನ್ಸ್ ಹಾಕಿಸಿದ್ದನಲ್ಲ, ನನ್ನ ಅನುಮಾನ ಅದರ ಮೇಲೆ. ಅವನು ಒಂದು ರೂಪಾಯಿ ತೆರಿಗೆಯನ್ನೂ ಕಟ್ಟಿಲ್ಲ. ರಿಟರ್ನ್ಸ್ ಸಲ್ಲಿಸಿದವರೆಲ್ಲ ತೆರಿಗೆ ಕಟ್ಟಿದವರಲ್ಲ.

ತೊಡಕಿರುವುದು ಇಲ್ಲೇ. ಅವರ ಕಾರಣ 'ತೆರಿಗೆದಾರ' ಅಂತಿದ್ದರೆ, ತೆರಿಗೆ ಸೊನ್ನೆ ಎಂದು ತೋರಿಸುವ ರಿಟರ್ನ್ಸ್ ಸ್ವೀಕೃತಿ ಪತ್ರ ನಿನ್ನ ಪರ ಮಾತಾಡುತ್ತದೆ. 'ವರಮಾನ 1.20 ಲಕ್ಷ ಮೀರಿದೆ' ಅಂತಿದ್ದರೆ ಅದೇ ಕಾಗದ ನಿನಗೇ ಎದುರಾಗುತ್ತದೆ, ಅವನ ಗಾಡಿಯ ದುಡಿಮೆ ಅದಕ್ಕಿಂತ ಹೆಚ್ಚಲ್ಲವೆ? ಆಗ ಮದುವೆಯಾದ ಮೇಲೆ ಅವನು ನಂಜನಗೂಡಿನಲ್ಲಿ ಬೇರೆ ಸಂಸಾರ ಹೂಡಿದ್ದಾನೆಂದು ತೋರಿಸಿ ಅವನ ಹೆಸರು ತೆಗೆಸಬೇಕು. ಕಾರಣ ಹೇಳದೆ ಕಾರ್ಡು ಬದಲಿಸಿದರೆ ಬಡವರು ಯಾವ ಕಾಗದ ಹಿಡಿದು ಓಡಾಡಬೇಕು ಹೇಳು?

ಹಾಗಾಗಿ ಮೊದಲು ಆಹಾರ ಇಲಾಖೆಯ ಕಚೇರಿಗೆ ಅರ್ಜಿ ಬರೆದು ಕಾರಣ ಕೇಳೋಣ: ಯಾರ ಹೆಸರಿನಿಂದ, ಯಾವ ದಾಖಲೆಯಿಂದ, ಯಾವ ವರ್ಷದ ಲೆಕ್ಕದಿಂದ ಹೀಗಾಯಿತು ಅಂತ. ಅವರು ಹೇಳಲೇಬೇಕು. ಆಡಳಿತದ ತೀರ್ಮಾನಕ್ಕೆ ಕಾರಣವನ್ನು ಬಾಧಿತರಿಗೆ ತಿಳಿಸಬೇಕೆಂದು 2005ರ ಮಾಹಿತಿ ಹಕ್ಕು ಕಾಯ್ದೆಯ 4ನೇ ಸೆಕ್ಷನ್ನೇ ಹೇಳುತ್ತದೆ. ಸ್ಥಳೀಯವಾಗಿ ಬಗೆಹರಿಯದಿದ್ದರೆ, 2013ರ ಆಹಾರ ಭದ್ರತಾ ಕಾಯ್ದೆಯ ಪ್ರಕಾರ ಜಿಲ್ಲಾ ಕುಂದುಕೊರತೆ ಅಧಿಕಾರಿಗೆ ದೂರು ಕೊಡಬಹುದು, ಆಮೇಲೆ ರಾಜ್ಯ ಆಹಾರ ಆಯೋಗಕ್ಕೆ ಮೇಲ್ಮನವಿ. ಅಲ್ಲಿ ಕೂತವರು ಮತ್ತೆ ಅದೇ ಪರದೆ ನೋಡಿ 'ಅನರ್ಹ' ಎಂದು ಓದಿದರೆ ಅದು ಮರುಪರಿಶೀಲನೆ ಅಲ್ಲ. ನಿನ್ನ ಕಾಗದ ನೋಡಬೇಕು, ಬೇಕಾದರೆ ಮನೆಗೆ ಬರಬೇಕು, ತಪ್ಪಿದ್ದರೆ ತಿದ್ದುವ ಅಧಿಕಾರ ಅವರ ಕೈಲಿರಬೇಕು.

ಇದು ನಿನ್ನೊಬ್ಬಳ ಪಾಡಲ್ಲ. 2024ರ ನವೆಂಬರಿನಲ್ಲಿ ನಮ್ಮ ರಾಜ್ಯದಲ್ಲೇ ಹೀಗೆ ಕಾರ್ಡುಗಳು ರದ್ದಾಗಿ ಗದ್ದಲವೆದ್ದಾಗ, ಸರ್ಕಾರ ಅರ್ಹರ ಕಾರ್ಡುಗಳನ್ನು ಮತ್ತೆ ಕೊಡಬೇಕಾಯಿತು. ತೆಲಂಗಾಣದಲ್ಲಿ ರದ್ದಾದ ಸುಮಾರು 19 ಲಕ್ಷ ಕಾರ್ಡುಗಳನ್ನು ಸ್ಥಳಕ್ಕೇ ಹೋಗಿ ಪರಿಶೀಲಿಸಿ ಎಂದು 2022ರಲ್ಲಿ ಸುಪ್ರೀಂ ಕೋರ್ಟೇ ಹೇಳಿತು. ತಾಳೆ ನೋಡುವುದು ತಪ್ಪು ಅಂತ ನಾನು ಹೇಳುವುದಿಲ್ಲ ಚಿಕ್ಕವ್ವ, ಉಳ್ಳವರ ಕೈಲೂ ಕಾರ್ಡಿದೆ. ಆದರೆ ಮೊದಲು ನೋಟಿಸು ಕೊಟ್ಟು, ನಿನ್ನ ಮಾತು ಕೇಳಿ, ಆಮೇಲಲ್ಲವೆ ತೀರ್ಮಾನ?

ಶನಿವಾರ ಬರುತ್ತೇನೆ. ಕಾರ್ಡು, ಎಲ್ಲರ ಆಧಾರ್, ತಮ್ಮನ ರಿಟರ್ನ್ಸ್ ಕಾಗದ, ಅವನ ಬಾಡಿಗೆ ಕರಾರು ಎತ್ತಿಟ್ಟಿರು. ಅರ್ಜಿಯನ್ನು ಎರಡು ಪ್ರತಿ ಬರೆಯೋಣ, ಒಂದರ ಮೇಲೆ ಸೀಲು, ತಾರೀಖು ಹಾಕಿಸಿಕೊಂಡೇ ಬರೋಣ.

ನಿನ್ನ ಮಗಳು